ಹಂಚಿನ ಮನೆ, ಮಲೆನಾಡಿನ ಮಳೆ: ನನ್ನ ತಯಾರಿಯ ಅನುಭವ

ಎರಡು ಮಳೆಗಾಲ ಆಯ್ತು, ನಮ್ಮ ಅಟ್ಟದಲ್ಲಿ ಸೋರುವ ಕಡೆ ಬಕೆಟ್ ಇಡುವ ಕೆಲಸ ಬಿದ್ದಿಲ್ಲ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಗೆ ಇದು ಸಣ್ಣ ಮಾತಲ್ಲ. "ಹಂಚು ತೊಳೆದ್ರೆ ಸೋರೋದು ನಿಲ್ಲುತ್ತಾ ಮಾರಾಯ? ಸುಮ್ನೆ ಶೀಟ್ ಹಾಕ್ಸು" ಅಂತ ನಕ್ಕವರೇ ಈಗ ನನ್ನ ಬ್ರಷ್ ಕೇಳಿಕೊಂಡು ಬರುತ್ತಾರೆ.

ಮೊದಲು ದುಡ್ಡು ಹೋದ ಕಥೆ. ಮೇಸ್ತ್ರಿ ಹೇಳಿದರು ಅಂತ ಪಶ್ಚಿಮದ ಮಾಡಿನ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿಸಿದೆವು. ಕೂಲಿ ಸೇರಿ 18 ಸಾವಿರದ ಹತ್ತಿರ ಆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಮೊದಲಿಗಿಂತ ಜಾಸ್ತಿ ಸೋರಿತು! ಮಂಗಳೂರು ಹಂಚಿನ ಅಂಚಿನಲ್ಲಿ ಸಣ್ಣ ಕಾಲುವೆ ಇರುತ್ತದಲ್ವಾ, ಪಕ್ಕದಿಂದ ನುಗ್ಗಿದ ನೀರನ್ನು ಕೆಳಗಿನ ಹಂಚಿನ ಮೇಲೆ ಬಿಡುವುದೇ ಅದರ ಕೆಲಸ. ಸಿಮೆಂಟ್ ಆ ದಾರಿಯನ್ನೇ ಮುಚ್ಚಿತು. ಬಿಸಿಲಿಗೆ ಬಿರಿದ ಸಿಮೆಂಟಿನಲ್ಲಿ ಒಳಗೆ ಹೋದ ನೀರಿಗೆ ಹೊರಗೆ ಹೋಗಲು ಜಾಗವೇ ಇಲ್ಲ. ಮರುವರ್ಷ ಹಂಚಿನಡಿ ಟಾರ್ಪಾಲ್ ಎಳೆಸಿದೆವು, ಅದಕ್ಕೊಂದು 6 ಸಾವಿರ. ಸೋರುವುದು ಕಾಣಲಿಲ್ಲ, ನಿಜ. ಆದರೆ ಗಾಳಿಯಾಡದೆ ಹಂಚು ಕೂರುವ ರೀಪುಗಳಿಗೆ ಬೂಸ್ಟು ಹಿಡಿಯಿತು.

ಸೋರಿಕೆಗೆ ಒಡೆದ ಹಂಚಿಗಿಂತ ಕಸ ತುಂಬಿದ ಕಾಲುವೆಯೇ ದೊಡ್ಡ ಕಾರಣ ಅಂತ ಸಿಮೆಂಟ್ ಕೆತ್ತುವಾಗ ಗೊತ್ತಾಯಿತು. ಪಾಚಿ, ಎಲೆ, ದೂಳು ಸೇರಿ ಕಾಲುವೆ ತುಂಬಿದರೆ ನೀರು ಉಕ್ಕಿ ಒಳಗೆ ಬರುತ್ತದೆ. ಈಗ ಏಪ್ರಿಲ್‌ನ ಮೊದಲ ಮಳೆಗೆ ಟಾರ್ಚ್, ಸೀಮೆಸುಣ್ಣ ಹಿಡಿದು ಅಟ್ಟ ಹತ್ತುತ್ತೇನೆ. ಒಣ ಹಂಚು ಮೊದಮೊದಲು ನೀರು ಕುಡಿಯುತ್ತದೆ, ಹಾಗಾಗಿ ಸುಮಾರು ಒಂದು ಗಂಟೆ ಮಳೆ ಬಿದ್ದ ಮೇಲೆ ನೋಡಬೇಕು. ಹನಿ ಬೀಳುವ ಜಾಗಕ್ಕೆ ಗುರುತು ಹಾಕಿದರೆ ಪ್ರಯೋಜನ ಇಲ್ಲ. ನೀರು ರೀಪು, ಅದರಡಿಯ ಪಕಾಸಿ ಹಿಡಿದು ಒಂದೆರಡು ಮಾರು ಜಾರಿ ಬಂದಿರುತ್ತದೆ. ಒದ್ದೆ ಗೆರೆ ಹಿಡಿದು ಮೇಲೆ ಹೋಗಿ, ಅದು ಶುರುವಾಗುವ ಹಂಚಿಗೆ ಗೀಟು ಹಾಕಿ.

ಮಳೆ ಬಿಟ್ಟ ಮೇಲೆ ಆ ಹಂಚನ್ನೂ ಅಕ್ಕಪಕ್ಕದವನ್ನೂ ತೆಗೆದು, ಕಾಲುವೆಯನ್ನು ತಂತಿ ಬ್ರಷ್‌ನಲ್ಲಿ ಕೆರೆದು ಒಣಗಿಸುತ್ತೇನೆ. ವಾಪಸ್ ಇಡುವ ಮೊದಲು ಪ್ರತಿಯೊಂದನ್ನೂ ಬೆರಳ ಗಂಟಿನಿಂದ ತಟ್ಟುತ್ತೇನೆ. ಖಣ್ ಅಂದರೆ ಸರಿ. ದಬ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ, ಅದು ಕೊಟ್ಟಿಗೆಗೆ ಹೋಗಲಿ. ಕಳೆದ ವರ್ಷ ಇಪ್ಪತ್ತು ಮೂವತ್ತು ಹಂಚು ಬದಲಾಯಿತು. ಹಳೆ ಹಂಚೇ ಸಿಕ್ಕಿದ್ದರಿಂದ ಕೂಲಿ ಸೇರಿ 4 ಸಾವಿರದೊಳಗೆ ಮುಗಿಯಿತು. ಮಾಡಿನ ನೆತ್ತಿಗೆ ಮಾತ್ರ ಸುಣ್ಣದ ಗಾರೆ. ಅದಕ್ಕೆ ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ರೀಪು ಬಗ್ಗಿದ ಮಾಡಿಗೆ ಇದ್ಯಾವುದೂ ಸಾಲದು, ಮರ ಬದಲಿಸಲೇಬೇಕು. ಗಾಳಿಗೆ ಬರುವ ಎರಚಲಿಗೆ ಸೋಗೆ ತಟ್ಟಿಯೇ ಗತಿ.

ಕಾಗದಪತ್ರದ ಕಥೆಯೂ ಸುಮಾರಾಗಿ ಹೀಗೇ. ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿ ಮುಚ್ಚಿಟ್ಟ ಕ್ರಯಪತ್ರಕ್ಕೆ ಹೊರಗಿನ ಒಂದು ಹನಿಯೂ ತಾಗದೆ ಬೂಸ್ಟು ಬಂದಿತ್ತು. ಜೂನ್‌ನ ಥಂಡಿ ಹವೆಯಲ್ಲಿ ಮುಚ್ಚಿದ್ದರಿಂದ ಥಂಡಿಯೂ ಒಳಗೇ ಉಳಿದಿತ್ತು. ಈಗ ಮೇ ತಿಂಗಳ ಒಣ ಮಧ್ಯಾಹ್ನ ಕಾಗದಗಳನ್ನು ನೆರಳಲ್ಲಿ ಹರಡಿ, ಅವು ಬೆಚ್ಚಗಿರುವಾಗಲೇ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚುತ್ತೇನೆ. ಕವರುಗಳು ರಬ್ಬರ್ ಅಂಚಿನ ಡಬ್ಬಿಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮೂಲಪತ್ರಗಳಿಗೆ ಲ್ಯಾಮಿನೇಶನ್ ಬೇಡ, ಆಮೇಲೆ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಪಹಣಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಮತ್ತೆ ಸಿಗುತ್ತದೆ.

ಒಂದು ಸಣ್ಣ ಪ್ರಯೋಗ ಹೇಳಬೇಕು. ಬಟ್ಟೆ ಕಟ್ಟಿದ ಪುಟ್ಟ ಗಾಜಿನ ಶೀಶೆಯಲ್ಲಿ ಚಿಟಿಕೆ ಉಪ್ಪು ಹಾಕಿ ಡಬ್ಬಿಯ ಮೂಲೆಯಲ್ಲಿಟ್ಟೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಬೂಸ್ಟು ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ ತೇವಕ್ಕೆ. ಡಬ್ಬಿಯ ಹೊರಗಿಟ್ಟ ಶೀಶೆ ಮೃಗಶಿರಾ ಮುಗಿಯುವುದರೊಳಗೆ ನೀರಾಯಿತು. ಒಳಗಿನದು ದೀಪಾವಳಿಗೂ ಪುಡಿಪುಡಿಯಾಗಿಯೇ ಇತ್ತು.

ಹಪ್ಪಳ, ಸಂಡಿಗೆ, ಅವಲಕ್ಕಿಗೂ ಇದೇ ಕ್ರಮ. ಹಪ್ಪಳ ಬಾಗದೆ ಪಟ್ ಅಂತ ಮುರಿಯಬೇಕು, ಆದರೆ ಕಾಗದದ ಹಾಗಲ್ಲ, ಬಿಸಿಲಿನ ಕಾವು ಆರಿರಬೇಕು, ಆಮೇಲೆ ಡಬ್ಬಿ. ದೊಡ್ಡ ಡಬ್ಬಿ ಬಿಟ್ಟು ವಾರಕ್ಕೊಂದರಂತೆ ಸಣ್ಣ ಡಬ್ಬಿ ಮಾಡಿಕೊಂಡೆವು. ದಿನಾ ಮುಚ್ಚಳ ತೆಗೆದರೆ ಥಂಡಿ ಒಳಗೆ ಹೋಗುವುದೇ ಸೈ. ಅತ್ತೆ ಮೊದಲು ಒಪ್ಪಲಿಲ್ಲ, ಈಗ ಡಬ್ಬಿಗೆ ಚೀಟಿ ಅಂಟಿಸುವವರೇ ಅವರು.

ಟಾರ್ಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಲ್ ಹಾಕಿಯೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ, ಹೊರಗೆ ತೆಗೆದಿಡಿ. ಮನೆಯ ಎಲ್ಲ ಟಾರ್ಚಿಗೂ ಒಂದೇ ಅಳತೆಯ ಸೆಲ್ ಇರಲಿ. ವಾರಗಟ್ಟಲೆ ಕರೆಂಟ್ ಹೋದಾಗ ಒಂದರದ್ದು ಇನ್ನೊಂದಕ್ಕೆ ಬರುತ್ತದೆ. ತಲೆಗೆ ಕಟ್ಟುವುದು ಒಂದಾದರೂ ಬೇಕು. ಅಟ್ಟದಲ್ಲಿ ಸೀಮೆಸುಣ್ಣ ಹಿಡಿಯಲು ಒಂದು ಕೈ, ಪಕಾಸಿ ಹಿಡಿಯಲು ಇನ್ನೊಂದು ಕೈ ಬೇಕಾಗುತ್ತದೆ.