ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕುವ ಮೊದಲು: ನೀವು ಮಾಡಿದ ಕೆಲಸ ಯಾರದ್ದು?

ಗೋಣಿಕೊಪ್ಪದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ, ಮನೆಯಲ್ಲಿ ಕಾಫಿ ಕೊಯ್ಲು ಜೋರಾಗಿದ್ದಾಗ, ಬೆಂಗಳೂರಿನ ಒಂದು ಕಂಪನಿಯಿಂದ ಇಂಟರ್ನ್‌ಶಿಪ್ ಪತ್ರ ಬಂತು. ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳು, ಮನೆಯಿಂದಲೇ ಕೆಲಸ, ತಿಂಗಳಿಗೆ 12,000 ರೂಪಾಯಿ ಸ್ಟೈಪೆಂಡ್. "ಅಣ್ಣ, ಸಹಿ ಹಾಕಿ ಕಳಿಸ್ಲಾ?" ಅಂತ ಫೋನ್ ಮಾಡಿದಳು. ಎರಡು ದಿನ ತಡಿ ಅಂದೆ.

ಕಾರಣ ಇತ್ತು. ಅವಳು ತೋಟಕ್ಕಂತ ಒಂದು ಚಿಕ್ಕ ಆ್ಯಪ್ ಬರೆದಿದ್ದಾಳೆ. ಸಂಜೆ ಹಣ್ಣು ತೂಗುವಾಗ ಯಾರು ಎಷ್ಟು ಕೆಜಿ ಕೊಯ್ದರು ಅಂತ ತೋಟದ ಲೆಕ್ಕ ಬರೆಯುವ ರೈಟರ್ ಮೊಬೈಲ್‌ನಲ್ಲಿ ಹಾಕುತ್ತಾರೆ, ವಾರದ ಕೊನೆಗೆ ಕೂಲಿ ಲೆಕ್ಕ ತಾನೇ ಬರುತ್ತದೆ. ಭಾನುವಾರ ಬಂತೆಂದರೆ ಅವಳು ಅದರಲ್ಲಿ ಏನಾದರೂ ಸೇರಿಸುತ್ತಲೇ ಇರುತ್ತಾಳೆ.

ಹಾಗಾಗಿ ಮೊದಲು ಹುಡುಕಿದ್ದು ‘ಇಂಟೆಲೆಕ್ಚುವಲ್ ಪ್ರಾಪರ್ಟಿ’ ಎಂಬ ತಲೆಬರಹ. ನೀವೂ ಅಲ್ಲಿಂದಲೇ ಶುರು ಮಾಡಿ. ಇಂಟರ್ನ್‌ಶಿಪ್ ಅವಧಿಯಲ್ಲಿ ನೀನು ಮಾಡಿದ್ದೆಲ್ಲ ಕಂಪನಿಯದ್ದು ಎಂದು ಅವಳ ಪತ್ರದಲ್ಲಿತ್ತು. ‘ಅವಧಿಯಲ್ಲಿ’ ಎಂಬ ಆ ಒಂದು ಪದವೇ ತೊಂದರೆ. ಕಂಪನಿ ಕೊಟ್ಟ ಕೆಲಸವೋ, ಭಾನುವಾರ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ತೋಟಕ್ಕೆ ಬರೆದದ್ದೋ ಎಂಬ ಭೇದ ಅದಕ್ಕಿಲ್ಲ. ‘ಕಂಪನಿ ವಹಿಸಿದ ಕೆಲಸದ ಭಾಗವಾಗಿ ಮಾಡಿದ್ದು’ ಎಂದಿದ್ದರೆ ಸರಿ, ಅದು ನ್ಯಾಯವೂ ಹೌದು.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಮಾಲೀಕರು. ಆದರೆ ನೌಕರಿ ಅಥವಾ ಅಪ್ರೆಂಟಿಸ್ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಸಾಫ್ಟ್‌ವೇರ್ ಕೋಡ್ ಕೂಡ ಈ ಕಾಯ್ದೆಯೊಳಗೇ ಬರುತ್ತದೆ. ಇಂಟರ್ನ್ ನೌಕರನೋ ಅಲ್ಲವೋ ಎಂಬ ವಾದವೇ ಬೇಡ ಅಂತ ಕಂಪನಿಗಳು ಹಕ್ಕನ್ನು ಪತ್ರದಲ್ಲೇ ಬರೆಸಿಕೊಳ್ಳುತ್ತವೆ. ಅದಕ್ಕೇ ನಿಮ್ಮ ಸಹಿಗೆ ಇಷ್ಟು ತೂಕ.

ಎರಡನೇ ಹೆಜ್ಜೆ, ಸಹಿಗೆ ಮೊದಲೇ ಮೇಲ್ ಬರೆಯುವುದು. ಅವಳು ಎರಡು ವಿಷಯ ಕೇಳಿದಳು. ಒಂದು, ‘ಅವಧಿಯಲ್ಲಿ’ ಬದಲು ‘ವಹಿಸಿದ ಕೆಲಸದ ಭಾಗವಾಗಿ’ ಎಂದು ಬರೆಯಬೇಕು. ಇನ್ನೊಂದು, ಈಗಾಗಲೇ ಮಾಡಿರುವ ಕೆಲಸದ ಪಟ್ಟಿಯನ್ನು ಪತ್ರದ ಕೊನೆಗೆ ಲಗತ್ತಿಸಬೇಕು. ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: ಕೊಯ್ಲಿನ ತೂಕ ಮತ್ತು ಕೂಲಿ ಲೆಕ್ಕದ ಆ್ಯಪ್, ಶುರು ಮಾಡಿದ ತಿಂಗಳು, ಕೋಡ್ ಎಲ್ಲಿದೆ, ಮತ್ತು ‘ಇದಕ್ಕೆ ಮುಂದೆ ಸೇರಿಸುವುದೂ ನನ್ನದೇ’ ಎಂಬ ಒಂದು ಸಾಲು. ಆ ಕೊನೇ ಸಾಲು ಬಿಟ್ಟರೆ ಹಳೇ ಆ್ಯಪ್ ನಿಮ್ಮದು, ಹೊಸದಾಗಿ ಸೇರಿಸಿದ್ದು ಅವರದ್ದು ಎಂಬ ಜಗಳ ಬರಬಹುದು. ಕಂಪನಿ ಲ್ಯಾಪ್‌ಟಾಪ್ ಕೊಟ್ಟರೆ ಅದರಲ್ಲಿ ಸ್ವಂತ ಕೆಲಸ ತೆರೆಯಲೇಬೇಡಿ. ಅವರ ಕೋಡ್‌ನ ನಾಲ್ಕು ಸಾಲನ್ನೂ ನಿಮ್ಮದಕ್ಕೆ ತರಬೇಡಿ.

ಆಮೇಲೆ ಗೌಪ್ಯತೆಯ ಷರತ್ತು. ಗ್ರಾಹಕರ ವಿವರ, ಕೋಡ್, ದರ ಹೊರಗೆ ಹೇಳಬಾರದು ಅನ್ನುವುದು ಸರಿಯೇ. ಆದರೆ ಕಾಲೇಜಿಗೆ ರಿಪೋರ್ಟ್ ಕೊಡಬೇಕು, ವೈವಾದಲ್ಲಿ ಮಾತಾಡಬೇಕು, ಅಲ್ವಾ? ‘ಕಂಪನಿ ನೋಡಿ ಒಪ್ಪಿದ ರಿಪೋರ್ಟನ್ನು ಕಾಲೇಜಿಗೆ ಕೊಡಬಹುದು’ ಎಂಬ ಸಾಲು ಕೇಳಿ. ಈಗಾಗಲೇ ಎಲ್ಲರಿಗೂ ಗೊತ್ತಿರುವುದು, ನಿಮಗೆ ಮೊದಲೇ ಗೊತ್ತಿದ್ದದ್ದು ಗೌಪ್ಯವಲ್ಲ ಎಂದೂ ಇರಬೇಕು. ಸಹಿ ಮಾಡಿದ ಮೇಲೆ ಜಾಸ್ತಿ ಜನ ಎಡವುವುದು ಸ್ಕ್ರೀನ್‌ಶಾಟ್‌ನಲ್ಲಿ. ಮೂಲೆಯಲ್ಲಿ ಗ್ರಾಹಕರ ಫೋನ್ ನಂಬರ್ ಕಾಣುತ್ತಿರುತ್ತದೆ, ಯಾರೂ ನೋಡಿರುವುದಿಲ್ಲ.

ಇನ್ನು ನೋಟಿಸ್ ಪೀರಿಯಡ್. ಅವಳು ಬಿಡುವುದಾದರೆ 30 ದಿನ ಮೊದಲೇ ಹೇಳಬೇಕು, ಇಲ್ಲದಿದ್ದರೆ ಒಂದು ತಿಂಗಳ ಸ್ಟೈಪೆಂಡ್ ವಾಪಸ್. ಕಂಪನಿ ಮಾತ್ರ ಯಾವತ್ತು ಬೇಕಾದರೂ ತೆಗೆಯಬಹುದು. ಲೆಕ್ಕ ಹಾಕಿ ನೋಡಿ. ಪರೀಕ್ಷೆಗಂತ ಮಾರ್ಚ್ 1ಕ್ಕೆ ನೋಟಿಸ್ ಕೊಟ್ಟರೆ ಮಾರ್ಚ್ 30ರವರೆಗೆ ಕೆಲಸ, ಅಂದರೆ ಬಿಟ್ಟ ಹಾಗೇ ಆಗಲಿಲ್ಲ. ತಕ್ಷಣ ಬಿಟ್ಟರೆ ಅಲ್ಲಿಯವರೆಗಿನ ಎರಡು ತಿಂಗಳ 24,000ದಲ್ಲಿ 12,000 ವಾಪಸ್ ಹೋಗುತ್ತದೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯ ಕೊಡಿಸುವುದು ಅದರೊಳಗೆ ಸಮಂಜಸ ಅನ್ನಿಸಿದಷ್ಟು ಪರಿಹಾರ. ಆದರೆ ಕೋರ್ಟಿಗೆ ಅಲೆಯುವವರು ಯಾರು? ಅದಕ್ಕಿಂತ ಎರಡೂ ಕಡೆಗೆ 7 ದಿನ ಎಂದು ಈಗಲೇ ಕೇಳುವುದು ಸುಲಭ.

ಕಂಪನಿ ಪಟ್ಟಿ ಸೇರಿಸಿತು, ಪದ ಬದಲಿಸಿತು, ರಿಪೋರ್ಟಿಗೂ ಒಪ್ಪಿತು. ನೋಟಿಸ್ ಮಾತ್ರ ಎರಡೂ ಕಡೆಗೆ 15 ದಿನಕ್ಕೆ ನಿಂತಿತು. ಪರೀಕ್ಷೆ ದಿನಾಂಕ ನೋಡಿಕೊಂಡು ಅವಳು ಒಪ್ಪಿದಳು. ಫೋನ್‌ನಲ್ಲಿ ‘ಆಯ್ತು’ ಅಂದಿದ್ದನ್ನು ನಂಬದೆ, ತಿದ್ದಿದ ಪತ್ರ ಕೈಗೆ ಬಂದ ಮೇಲೆ ಪ್ರತಿ ಪುಟಕ್ಕೂ, ಕೊನೆಯ ಪಟ್ಟಿಗೂ ಸಹಿ ಹಾಕಿದಳು. ಕಂಪನಿಯವರ ಸಹಿ ಇರುವ ಪ್ರತಿಯನ್ನು ಕಾಲೇಜಿನ ಮೇಲ್‌ಗೆ ಕಳಿಸಿಕೊಳ್ಳದೆ ಸ್ವಂತ ಮೇಲ್‌ನಲ್ಲಿ ಇಟ್ಟುಕೊಂಡಿದ್ದಾಳೆ, ಏಕೆಂದರೆ ಓದು ಮುಗಿದ ಮೇಲೆ ಕಾಲೇಜಿನ ಮೇಲ್ ಬಂದ್ ಆಗಬಹುದು.