ಆರು ಮಗ್ಗುಲು ಕಂಡ ಕೂಡಲೇ ಮಾಣಿಕ್ಯ ಅನ್ನಬೇಡಿ

ಹೊಳೆನರಸೀಪುರದ ಸುತ್ತಿನ ಗುಡ್ಡಗಳಲ್ಲಿ ಕಾಗೆಬಂಗಾರ ಮಿನುಗುವ ಪದರಗಲ್ಲು ಸಿಗುತ್ತದೆ. ಅದರೊಳಗೆ ಕಡಲೆಕಾಳಿನಷ್ಟು ಕೆಂಪು ಹರಳುಗಳು ಹುದುಗಿರುತ್ತವೆ. ಕಲ್ಲು ಸವೆದಂತೆ ಉದುರಿ ಕೆಳಗೆ ಬೀಳುತ್ತವೆ. ಎತ್ತಿಕೊಂಡವರೆಲ್ಲ ‘ಮಾಣಿಕ್ಯ!’ ಅನ್ನುತ್ತಾರೆ. ಹೆಚ್ಚಿನವು ಗಾರ್ನೆಟ್.

ಮೊದಲು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಎಣ್ಣೆ ಹಚ್ಚಬೇಡಿ. ಎಣ್ಣೆ ಹಚ್ಚಿದರೆ ಯಾವ ಕಲ್ಲೂ ಹೊಳೆಯುತ್ತದೆ.

ಬಣ್ಣವನ್ನು ಬಿಸಿಲಿಗೆ ಹಿಡಿದು, ತೆಳುವಾದ ಅಂಚಿನಲ್ಲಿ ನೋಡಿ. ಹೊರಗಿನ ಕೆಂಪು ಬರೀ ತುಕ್ಕಿರಬಹುದು. ಗಾರ್ನೆಟ್ಟಿಗೆ ಸಾಮಾನ್ಯವಾಗಿ ಕಂದು ಬೆರೆತ ಕೆಂಪು, ಮಾಣಿಕ್ಯಕ್ಕೆ ಗುಲಾಬಿ ಅಥವಾ ನೇರಳೆ ಛಾಯೆ. ಆದರೆ ಬಣ್ಣವೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಹೊಳಪನ್ನು ಹೊಸದಾಗಿ ಒಡೆದ ಜಾಗದಲ್ಲಿ ಮಾತ್ರ ನೋಡಬೇಕು. ಎರಡೂ ಗಾಜಿನಂತೆಯೇ ಹೊಳೆಯುತ್ತವೆ, ಮಾಣಿಕ್ಯದ್ದು ತುಸು ಚುರುಕು. ಗಾರ್ನೆಟ್ ಒಡೆದರೆ ಬಾಟಲಿ ಚೂರಿನ ಹಾಗೆ ಬಾಗಿದ ಮೈ ಕಾಣುತ್ತದೆ.

ಈಗ ಆಕಾರ. ಜನ ಎಡವುವುದೇ ಇಲ್ಲಿ. ‘ಮಾಣಿಕ್ಯಕ್ಕೆ ಆರು ಮಗ್ಗುಲು’ ಅಂತ ಎಲ್ಲೋ ಓದಿರುತ್ತಾರೆ. ಹರಳನ್ನು ಒಂದೇ ಕಡೆಯಿಂದ ನೋಡಿ, ಆರು ಎಣಿಸಿ ಕುಣಿಯುತ್ತಾರೆ. ಗಾರ್ನೆಟ್ ಹರಳಿಗೆ ಸಾಮಾನ್ಯವಾಗಿ ಹನ್ನೆರಡು ಮುಖ, ಪ್ರತಿಯೊಂದೂ ಇಸ್ಪೀಟಿನ ಡೈಮಂಡ್ ಗುರುತಿನ ಆಕಾರ. ಮೂರು ಮುಖ ಕೂಡುವ ಮೂಲೆಯನ್ನು ಕಣ್ಣಿಗೆ ನೇರ ಹಿಡಿದರೆ ಅದರ ಅಂಚೂ ಸರಿಯಾಗಿ ಆರು ಮೂಲೆಯಾಗಿಯೇ ಕಾಣುತ್ತದೆ!

ಹಾಗಾಗಿ ಮಗ್ಗುಲು ಎಣಿಸಬೇಡಿ, ತುದಿ ನೋಡಿ. ಮೂರು ಡೈಮಂಡುಗಳು ಒಂದು ಮೊನೆಯಲ್ಲಿ ಸೇರಿದ್ದರೆ ಗಾರ್ನೆಟ್. ತುದಿ ಹಲಗೆಯಂತೆ ಚಪ್ಪಟೆಯಾಗಿದ್ದು, ಅದರ ಮೇಲೆ ತ್ರಿಕೋನದ ಸಣ್ಣ ಗೆರೆಗಳಿದ್ದರೆ ಮಾಣಿಕ್ಯದ ಜಾತಿ, ಅಂದರೆ ಕುರುಂದ. ಅದರ ಹರಳು ಪೀಪಾಯಿಯಂತೆ ನಡುವೆ ಉಬ್ಬಿರುವುದೂ ಉಂಟು. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಸಾಕು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ಕೊಂಡು ನಾನು ದುಡ್ಡು ಕಳೆದುಕೊಂಡೆ, ಅಂಚೆಲ್ಲ ಮಸುಕು.

ನೆರೆಮನೆಯವರೊಬ್ಬರು ತಂದ ಹರಳಿಗೂ ‘ಆರು ಮಗ್ಗುಲು’ ಇತ್ತು. ಬೆರಳಲ್ಲಿ ನಿಧಾನ ಉರುಳಿಸಿದೆ. ಮೊನೆ ಸಿಕ್ಕಿತು, ಇನ್ನಷ್ಟು ಉರುಳಿಸಿದರೆ ಮತ್ತೊಂದು ಅಂಥದ್ದೇ ಮೊನೆ. ಗಾರ್ನೆಟ್. ಅವರ ಮುಖ ಸಪ್ಪಗಾಯಿತು.

ತುದಿ ಮುರಿದಿದ್ದರೆ? ತೂಕ ನೋಡಿ ಪ್ರಯೋಜನವಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ಭಾರ. ಬೆಣಚುಕಲ್ಲನ್ನೂ ಎರಡೂ ಗೀರುತ್ತವೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟಾಗ ಕೆಂಪಗೆ ಬೆಳಗಿದರೆ ಮಾಣಿಕ್ಯದ ಕಡೆ ವಾಲಬಹುದು. ಬೆಳಗದಿದ್ದರೆ ಏನೂ ತಿಳಿಯದು, ಯಾಕೆಂದರೆ ಕಬ್ಬಿಣ ಜಾಸ್ತಿಯಿರುವ ಮಾಣಿಕ್ಯವೂ ಸುಮ್ನಿರುತ್ತದೆ. ಆಗ ರತ್ನ ಪರೀಕ್ಷೆಯ ಲ್ಯಾಬಿಗೇ ಕೊಡಿ.