ಅತ್ತು ಅತ್ತು ಉಸಿರು ಕಟ್ಟಿದಾಗ: ನನ್ನ ಮಗನ ಕಥೆ

ನಾನು ವಿಜಯಪುರದಲ್ಲಿ ಮಕ್ಕಳ ವಾರ್ಡಿನ ನರ್ಸ್. ಅಳುತ್ತಾ ಉಸಿರು ಕಟ್ಟಿ ನೀಲಿಯಾದ ಕೂಸನ್ನು ಎತ್ತಿಕೊಂಡು ಓಡಿ ಬಂದ ತಾಯಂದಿರನ್ನು ಎಷ್ಟೋ ಸಲ ಕೂರಿಸಿ ಧೈರ್ಯ ಹೇಳಿದ್ದೇನೆ. ನನ್ನ ಮಗನಿಗೇ ಹಾಗಾದಾಗ ನನ್ನ ಕೈಯೂ ನಡುಗಿತು.

ಆಗ ಅವನಿಗೆ 15 ತಿಂಗಳು. ಸಂಜೆ ಹೊತ್ತು, ಮಧ್ಯಾಹ್ನದ ನಿದ್ದೆ ಆಗಿರಲಿಲ್ಲ. ಮೊಬೈಲ್ ಚಾರ್ಜರ್ ಬಾಯಿಗೆ ಹಾಕಿಕೊಂಡಿದ್ದ, ನಾನು ಕಸಿದುಕೊಂಡೆ. ಜೋರಾಗಿ ಅತ್ತ. ಎರಡು ಸಲ, ಮೂರು ಸಲ ಚೀರಿದ, ಆಮೇಲೆ ಬಾಯಿ ತೆರೆದೇ ಇದೆ, ಸದ್ದೇ ಇಲ್ಲ. ತುಟಿ ನೀಲಿಯಾಯಿತು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಆಮೇಲೆ ಇಡೀ ಮೈ ಒದ್ದೆ ಬಟ್ಟೆಯಂತೆ ಸಡಿಲಾಯಿತು. "ಅಯ್ಯ, ಕೂಸಿಗಿ ಏನಾತ ನೋಡ್ರಿ, ಉಳ್ಳಾಗಡ್ಡಿ ತರ್ರಿ ಲಗೂನ" ಅಂತ ನಮ್ಮ ಅತ್ತೆ ಕೂಗಿದರು.

ಉಳ್ಳಾಗಡ್ಡಿ ಬೇಡ ಅಂದೆ. ಮಗನನ್ನು ಚಾಪೆ ಮೇಲೆ ಪಕ್ಕಕ್ಕೆ ಮಲಗಿಸಿದೆ. ಬಾಯಲ್ಲಿ ಏನಾದರೂ ಕಾಣುತ್ತದಾ ನೋಡಿದೆ, ಬೆರಳು ಹಾಕಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ಎಣಿಸಿದೆ. ಇಪ್ಪತ್ತೈದು ಸೆಕೆಂಡ್ ಹೊತ್ತಿಗೆ ಒಂದು ದೊಡ್ಡ ಉಸಿರು ಎಳೆದುಕೊಂಡ. ಒಂದು ನಿಮಿಷದೊಳಗೆ ನನ್ನ ಮುಖ ನೋಡಿ, ಮತ್ತೆ ಚಾರ್ಜರ್ ಕಡೆ ಕೈ ಚಾಚಿದ.

ಆ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ. ಮಗುವನ್ನು ಅಲುಗಾಡಿಸಬಾರದು, ಮುಖಕ್ಕೆ ನೀರು ಹೊಡೆಯಬಾರದು, ಬಾಯಿಗೆ ಚಮಚ ಹಾಕಬಾರದು. ಕಬ್ಬಿಣದ ಕೀಲಿ ಕೈಯಲ್ಲಿ ಇಡುವುದರಿಂದ ಏನೂ ಆಗುವುದಿಲ್ಲ. ಉಸಿರು ತಾನಾಗಿ ಮರಳುತ್ತದೆ. ಆದರೆ ತಿನ್ನುತ್ತಿರುವಾಗಲೋ, ಶೇಂಗಾ ಕಾಳು, ಗೋಲಿಯಂಥದ್ದು ಕೈಯಲ್ಲಿದ್ದಾಗಲೋ ಹೀಗಾದರೆ ಅದನ್ನು ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂತಲೇ ತಿಳಿಯಬೇಕು. ಅದರ ಚಿಕಿತ್ಸೆಯೇ ಬೇರೆ. ಅಲ್ಲಿ ಕಾಯುತ್ತಾ ಕೂರುವ ಹಾಗಿಲ್ಲ.

ಮಗು ಬೇಕಂತಲೇ ಹಟಕ್ಕೆ ಉಸಿರು ಹಿಡಿಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. ಜೋರಾಗಿ ಅಳುವಾಗ ಮಗು ಉಸಿರನ್ನು ಪೂರ್ತಿ ಹೊರಗೆ ಬಿಟ್ಟುಬಿಡುತ್ತದೆ, ಆ ಕೊನೆಯಲ್ಲೇ ಉಸಿರಾಟ ನಿಂತುಬಿಡುತ್ತದೆ. ಎದೆಯಲ್ಲಿ ಗಾಳಿ ಇಲ್ಲ, ರಕ್ತದಲ್ಲಿ ಆಮ್ಲಜನಕ ಬೇಗ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಆಮೇಲೆ ದೇಹವೇ ಉಸಿರಾಟ ಶುರು ಮಾಡುತ್ತದೆ. ಇದು ಮಗುವಿನ ಕೈಯಲ್ಲಿಲ್ಲ. ಸಾಮಾನ್ಯವಾಗಿ 6 ತಿಂಗಳಿಂದ ಒಂದೂವರೆ ವರ್ಷದೊಳಗೆ ಶುರುವಾಗುತ್ತದೆ, ನಾಲ್ಕೈದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ನಿಂತುಹೋಗುತ್ತದೆ. ಕೆಲವು ಮನೆಗಳಲ್ಲಿ ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದಿರುತ್ತದೆ. ನಮ್ಮ ಯಜಮಾನರಿಗೂ ಇತ್ತಂತೆ, ಅತ್ತೆ ಆಮೇಲೆ ನೆನಪಿಸಿಕೊಂಡು ಹೇಳಿದರು.

ಮೊದಲ ಸಲ ಆದ ಮೇಲೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ನಾನೂ ಮರುದಿನವೇ ಹೋದೆ. ಡಾಕ್ಟರು ಕೇಳಿದ್ದು: ಮುಂಚೆ ಏನಾಯಿತು, ಮೊದಲು ಅಳು ಬಂತಾ ಮೈ ಸೆಟೆದಿದ್ದಾ, ಬಣ್ಣ ಯಾವುದು, ಎಚ್ಚರವಾದ ಮೇಲೆ ಹೇಗಿದ್ದ. ಈ ಸರಣಿಯಲ್ಲೇ ಉತ್ತರ ಇದೆ. ಫಿಟ್ಸ್ ಆದರೆ ಸಾಮಾನ್ಯವಾಗಿ ಕಾರಣವೇ ಇಲ್ಲದೆ, ಅಳುವಿಲ್ಲದೆ, ನಿದ್ದೆಯಲ್ಲೂ ಬರಬಹುದು. ಬಣ್ಣ ನೀಲಿಯಾದರೂ ಅದು ಕೈಕಾಲಿನ ಎಳೆತ ಶುರುವಾದ ಮೇಲೆ. ಆಮೇಲೆ ಮಗು ಬಹಳ ಹೊತ್ತು ಮಂಕಾಗಿ ಮಲಗುತ್ತದೆ. ಉಸಿರು ಕಟ್ಟಿದ ಮಗುವಿಗೂ ಕೊನೆಯಲ್ಲಿ ಕೈಕಾಲು ಒಂದೆರಡು ಸಲ ಎಳೆಯಬಹುದು, ಅದನ್ನು ನೋಡಿ ಫಿಟ್ಸ್ ಅಂತ ಹೆದರುವುದು ಸಹಜ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಡಾಕ್ಟರಿಗೆ ಅದು ನಮ್ಮ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ರಕ್ತ ಪರೀಕ್ಷೆ. ಮಗನ ಹಿಮೋಗ್ಲೋಬಿನ್ 7.9. ಈ ವಯಸ್ಸಿಗೆ 11ರ ಹತ್ತಿರ ಇರಬೇಕು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಸಹ ಕೆಳಗಿತ್ತು. ಮೈತುಂಬಿಕೊಂಡಿದ್ದ ಹುಡುಗ, ತೂಕ 10 ಕಿಲೋ. ನೋಡಿದರೆ ಯಾರೂ ರಕ್ತ ಕಡಿಮೆ ಅನ್ನುತ್ತಿರಲಿಲ್ಲ.

ಕಾರಣ ನಮ್ಮ ಮನೆಯ ಹಾಲಿನಲ್ಲೇ ಇತ್ತು. ದಿನಕ್ಕೆ ನಾಲ್ಕು ಬಾಟಲಿ ಎಮ್ಮೆ ಹಾಲು, ಹೆಚ್ಚು ಕಡಿಮೆ ಒಂದು ಲೀಟರ್. ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ, ಹೊಟ್ಟೆ ತುಂಬಿಸಿ ಊಟ ಬಿಡಿಸುತ್ತದೆ, ಊಟದಲ್ಲಿರುವ ಕಬ್ಬಿಣವೂ ಮೈಗೆ ಹತ್ತದಂತೆ ಮಾಡುತ್ತದೆ. ರಕ್ತದ ಜೊತೆಗೆ ನರಗಳ ಕೆಲಸಕ್ಕೂ ಕಬ್ಬಿಣ ಬೇಕು. ಅದು ಕಡಿಮೆಯಾದ ಮಕ್ಕಳಲ್ಲಿ ಉಸಿರು ಕಟ್ಟುವುದು ಜಾಸ್ತಿ, ಕೊಟ್ಟರೆ ಬಹಳ ಮಕ್ಕಳಲ್ಲಿ ಇಳಿಯುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟಿದ್ದ, ವಾರಕ್ಕೆರಡು ಸಲ 1 ಎಂ.ಎಲ್. ಹಾಕಬೇಕಾದ ಐರನ್ ಸಿರಪ್ ನಮ್ಮ ಫ್ರಿಜ್ ಮೇಲೆ ಸೀಲ್ ಒಡೆಯದೇ ಇತ್ತು. ಅದು ನೆನಪಾದಾಗ ನನಗೆ ಬಹಳ ಸಂಕಟವಾಯಿತು.

ಡಾಕ್ಟರು ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ 30 ಮಿಲಿಗ್ರಾಂ ಕಬ್ಬಿಣ ಬರೆದರು. ಒಂದೊಂದು ಬಾಟಲಿಯ ಸಾಂದ್ರತೆ ಒಂದೊಂದು ತರಹ, ಆದ್ದರಿಂದ ಎಷ್ಟು ಎಂ.ಎಲ್. ಅನ್ನುವುದನ್ನು ಡಾಕ್ಟರಿಂದಲೇ ಬರೆಸಿಕೊಳ್ಳಿ, ಪಕ್ಕದ ಮನೆಯವರ ಡೋಸ್ ನೋಡಿ ಹಾಕಬೇಡಿ. ಮಗ ಉಗುಳುತ್ತಾನೆ ಅಂತ ಮೊದಲ ಎರಡು ವಾರ ಹಾಲಿನ ಬಾಟಲಿಯಲ್ಲೇ ಬೆರೆಸಿ ಕೊಟ್ಟೆವು. ಅದು ತಪ್ಪಾಯಿತು. ಅಷ್ಟರಲ್ಲಿ ಉಸಿರು ಕಟ್ಟುವುದು ವಾರಕ್ಕೆ ನಾಲ್ಕೈದು ಸಲಕ್ಕೆ ಏರಿತ್ತು, ಇಳಿಯಲೇ ಇಲ್ಲ. ಆಮೇಲೆ ಬೆಳಿಗ್ಗೆ ಹಾಲಿಗೆ ಒಂದು ತಾಸು ಮುಂಚೆ, ನಮ್ಮ ಜಿಲ್ಲೆಯ ಇಂಡಿಯಿಂದ ಬರುವ ಲಿಂಬೆಹಣ್ಣಿನ ಐದಾರು ಹನಿ ನೀರಿಗೆ ಹಿಂಡಿ, ಅದರ ಜೊತೆ ಕೊಡತೊಡಗಿದೆವು. ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಹಾಲು ಎರಡು ಲೋಟಕ್ಕೆ ಇಳಿಸಿದೆವು, ಬಾಟಲಿ ಬಿಡಿಸಿದೆವು. ಬೇಳೆಯಲ್ಲಿ ನೆನೆಸಿದ ಸಜ್ಜೆ ರೊಟ್ಟಿ, ಮೆಂತ್ಯ ಪಲ್ಯ, ತತ್ತಿ, ನುಣ್ಣಗೆ ಕುಟ್ಟಿದ ಶೇಂಗಾ ಶುರುವಾಯಿತು. ಮಲ ಕಪ್ಪಗೆ ಬರುತ್ತದೆ, ಹೆದರಬೇಡಿ, ಅದು ಔಷಧಿಯಿಂದ.

ಒಂದು ತಿಂಗಳಿಗೆ ಹಿಮೋಗ್ಲೋಬಿನ್ 9.6. ಉಸಿರು ಕಟ್ಟುವುದು ವಾರಕ್ಕೊಂದಕ್ಕೆ ಇಳಿದಿತ್ತು. ಮೂರು ತಿಂಗಳಿಗೆ 11.4, ಆ ತಿಂಗಳು ಒಂದೇ ಸಲ ಬಂತು. ದಾಸ್ತಾನು ತುಂಬಲಿ ಅಂತ ಡಾಕ್ಟರು ಇನ್ನೂ ಎರಡು ತಿಂಗಳು ಮುಂದುವರಿಸಿದರು.

ಔಷಧಿಗಿಂತ ಕಷ್ಟವಾದದ್ದು ಅತ್ತೆಯನ್ನು ಒಪ್ಪಿಸುವುದು. ಮಗ ತುಟಿ ಸೊಟ್ಟ ಮಾಡಿದರೆ ಸಾಕು, ಕೇಳಿದ್ದು ಕೈಗೆ ಬರುತ್ತಿತ್ತು. "ಅಳಸಬ್ಯಾಡವಾ, ಉಸಿರು ಕಟ್ಟತೈತಿ" ಅನ್ನುತ್ತಿದ್ದರು. ಅವರ ಭಯ ನನಗೆ ಗೊತ್ತಿತ್ತು. ಕೊನೆಗೆ ಎಲ್ಲರೂ ಕೂತು ಮಾತಾಡಿದೆವು: ಹಸಿವು, ನಿದ್ದೆ ಮೀರದಂತೆ ನೋಡಿಕೊಳ್ಳುವುದು, ಅಳು ಏರುವ ಮುಂಚೆ ಗಮನ ಬೇರೆ ಕಡೆ ಸೆಳೆಯುವುದು, ಆದರೆ ಕೊಡಬಾರದ್ದನ್ನು ಯಾರೂ ಕೊಡಬಾರದು. ಎಚ್ಚರವಾದ ಮೇಲೆ ಎತ್ತಿಕೊಳ್ಳುವುದು ಸರಿ, ಚಾರ್ಜರ್ ಕೊಡುವುದಲ್ಲ.

ನೀಲಿಯಾಗುವ ಬದಲು ಬೆಳ್ಳಗೆ ಬಿಳಿಚಿಕೊಳ್ಳುವ ಮಕ್ಕಳೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದಾಗ, ಬೆಚ್ಚಿದಾಗ, ಅಳು ಬರುವ ಮುಂಚೆಯೇ ಕುಸಿಯುತ್ತಾರೆ. ಅಲ್ಲಿ ಕೆಲವು ಸೆಕೆಂಡ್ ಹೃದಯ ನಿಧಾನವಾಗುತ್ತದೆ. ಹೃದಯದ ಲಯದ ದೋಷವೂ ಹೀಗೇ ಕಾಣಬಹುದು, ಹಾಗಾಗಿ ಇವರಿಗೆ ಇಸಿಜಿ ಮಾಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಮಗು ಓಡುವಾಗಲೇ ಪ್ರಜ್ಞೆ ತಪ್ಪಿ ಬಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಆರು ತಿಂಗಳೊಳಗಿನ ಕೂಸು, ನಿದ್ದೆಯಲ್ಲಿ ಅಥವಾ ಕಾರಣವಿಲ್ಲದೆ ಬರುವುದು, ಆಮೇಲೂ ಮಂಕಾಗಿರುವುದು, ಇವೆಲ್ಲ ಅದೇ ದಿನ ತೋರಿಸಬೇಕಾದವು. ಕೈಕಾಲಿನ ಎಳೆತ ನಿಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿಸಿ. ಒಂದು ನಿಮಿಷ ದಾಟಿದರೂ ಉಸಿರು ಮರಳದಿದ್ದರೆ 108ಕ್ಕೆ ಕರೆ ಮಾಡಿಸಿ, ಕಲಿತಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಲು ಶುರು ಮಾಡಿ.

ಐರನ್ ಬಾಟಲಿಯನ್ನು ಈಗ ಕಪಾಟಿನ ಮೇಲಿನ ಅರೆಯಲ್ಲಿ ಇಡುತ್ತೇನೆ. ಸಿಹಿ ಇರುತ್ತದೆ ಅಂತ ಮಗು ಒಮ್ಮೆಲೇ ಕುಡಿದುಬಿಟ್ಟರೆ ಅದು ವಿಷ.